ಮೂರಂಕದ ಮಿರ್ಚಿ ಭಜಿ

ಟಾಕೀಸಿನಲ್ಲಿ ಪರದೆಯ ಮೇಲೆ ನಡೆಯುವುದಕ್ಕಿಂತ ಪರದೆಯ ಈಚೆ ನಡೆಯುವುದೇ ಹೆಚ್ಚು, ಮತ್ತು ಅದು ನಿಲ್ಲುವುದೇ ಇಲ್ಲ. ನಾನು ಕಮಲಾಪುರದ ಒಂದು ಟಾಕೀಸಿನಲ್ಲಿ ಆಪರೇಟರ್. ರೀಲು ಸುತ್ತುವ ಕಾಲದಲ್ಲಿ ಸೇರಿದವನು, ಈಗ ಕಂಪ್ಯೂಟರಿನ ಗುಂಡಿ ಒತ್ತುತ್ತೇನೆ. ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ದಿನಾ ಬಸ್ಸಿನಲ್ಲಿ ಮಹಾಗಾಂವ ದಾಟಿ ಹೋಗುತ್ತೇನೆ, ದಾಟಿ ಬರುತ್ತೇನೆ. ಮೇಲಿನ ಸಣ್ಣ ಕಿಟಕಿಯಿಂದ ಇಷ್ಟು ವರ್ಷ ನಾನು ಸಿನಿಮಾ ನೋಡಿದ್ದು ಕಡಿಮೆ, ನಮ್ಮ ಮಂದಿಯ ತಲೆಗಳನ್ನು ನೋಡಿದ್ದೇ ಜಾಸ್ತಿ. ಆ ತಲೆಗಳ ಬಗ್ಗೆ ನನಗೆ ಹೆಮ್ಮೆ. ಯಾಕೆ ಎಂದು ಕೇಳುವವರಿಗಾಗಿ ಒಂದಿಷ್ಟು ಸಂಗತಿ ಹೇಳುತ್ತೇನೆ.

ಗಡಿಯಾರ ಇಲ್ಲದ ಟಾಕೀಸು

ನಮ್ಮ ಟಾಕೀಸಿನ ಗೋಡೆಯ ಗಡಿಯಾರ ನಿಂತು ಯಾವ ಕಾಲವಾಯಿತೋ. ಯಾರಿಗೂ ಅದು ಬೇಕಾಗಿಲ್ಲ. ನಮ್ಮ ಕೆಲಸವೆಲ್ಲ ಕಥೆಯ ಮೇಲೆ ನಡೆಯುತ್ತದೆ.

ಕ್ಯಾಂಟೀನಿನ ಚಾಚಾ ಕಲಬುರಗಿಯ ರೋಜಾ ಬಡಾವಣೆಯ ಕಡೆಯವರು. ಮಿರ್ಚಿ ಭಜಿ ಕರಿಯುವುದರಲ್ಲಿ ಅವರನ್ನು ಮೀರಿಸಿದವರು ಈ ಸೀಮೆಯಲ್ಲಿ ಇಲ್ಲ. ಸಿನಿಮಾ ಶುರುವಾದಾಗ ಅವರು ಸುಮ್ಮನೆ ಕೂತಿರುತ್ತಾರೆ. ಹೀರೋ ಯಾರು, ಅವನ ತಾಯಿ ಯಾರು, ಅವನಿಗೇನು ಕೊರತೆ ಎಂಬುದೆಲ್ಲ ಆಗಬೇಕು. ಹತ್ತು ಹದಿನೈದು ನಿಮಿಷಕ್ಕೆ ಏನೋ ಒಂದು ಬಂದು ಅವನ ನೆಮ್ಮದಿ ಕೆಡಿಸುತ್ತದೆ. ಆಗಲೂ ಚಾಚಾ ಏಳುವುದಿಲ್ಲ. ಯಾಕೆಂದರೆ ಹೀರೋ ಇನ್ನೂ ‘ನನಗ್ಯಾಕೆ ಬೇಕು ಈ ಉಸಾಬರಿ’ ಎನ್ನುತ್ತಿರುತ್ತಾನೆ. ಸಿನಿಮಾದ ಕಾಲು ಭಾಗ ಮುಗಿಯುವ ಹೊತ್ತಿಗೆ ಅವನು ಎದ್ದು ನಿಂತು, ವಾಪಸ್ ಹೋಗಲಾರದಂಥ ಒಂದು ನಿರ್ಧಾರ ಮಾಡುತ್ತಾನೆ. ಅಲ್ಲಿಗೆ ಒಂದನೇ ಅಂಕ ಮುಗಿಯಿತು. ಚಾಚಾ ಕಡಲೆಹಿಟ್ಟು ಕಲಸಲು ಏಳುತ್ತಾರೆ. ಮುಂದೆ ಹೀರೋ ನಾಲ್ಕು ಸಲ ಗೆಲ್ಲುತ್ತಾನೆ, ಒಂದು ಹಾಡು ಬರುತ್ತದೆ, ವಿಲನ್ನಿಗೆ ಹೀರೋನ ಗುಟ್ಟು ತಿಳಿಯುತ್ತದೆ. ಗುಟ್ಟು ತಿಳಿಯಿತೆಂದರೆ ಎಣ್ಣೆ ಕಾಯಬೇಕು. ನಟ್ಟನಡುವೆ ಕಥೆ ಮಗುಚಿ ಬೀಳುವ ಹೊತ್ತಿಗೆ ನಾನು ಗಂಟೆ ಬಾರಿಸುತ್ತೇನೆ, ಭಜಿ ಕಡಾಯಿಯಿಂದ ಏಳುತ್ತದೆ.

ಇಂಟರ್ವಲ್ ಆದಮೇಲೆ ಹೀರೋನ ಕೈಯಿಂದ ಒಂದೊಂದೇ ಜಾರುತ್ತದೆ. ಮುಕ್ಕಾಲು ಭಾಗಕ್ಕೆ ಎಲ್ಲಾ ಕಳಕೊಂಡು ಮಳೆಯಲ್ಲಿ ಮೊಣಕಾಲೂರಿ ಕೂರುತ್ತಾನೆ. ಆಗ ಯಾರೂ ಎದ್ದು ಹೊರಗೆ ಬರುವುದಿಲ್ಲವಾದ್ದರಿಂದ ಚಾಚಾ ಪಾತ್ರೆ ತೊಳೆಯುತ್ತಾರೆ. ಹೀರೋ ಮತ್ತೆ ಎದ್ದನೆಂದರೆ ಅದು ಮೂರನೇ ಅಂಕ. ವಿಲನ್ ಬಿದ್ದ ಸದ್ದು ಕೇಳಿದ್ದೇ ಬೈಕ್ ಸ್ಟ್ಯಾಂಡಿನವನು ಗೇಟು ತೆರೆದು ಗಾಡಿಗಳನ್ನು ಸಾಲಾಗಿ ತಿರುಗಿಸಿ ನಿಲ್ಲಿಸುತ್ತಾನೆ.

ಒಮ್ಮೆ ಏನಾಯಿತೆಂದರೆ, ಒಂದು ಸಿನಿಮಾದಲ್ಲಿ ವಿಲನ್ ಕೊನೆಯಲ್ಲಿ ಮೂರು ಸಲ ಬಿದ್ದು ಮೂರು ಸಲ ಎದ್ದ. ಪಾಪ ಸ್ಟ್ಯಾಂಡಿನವನು ಅಷ್ಟೂ ಗಾಡಿಗಳನ್ನು ಹೊರಗೆ ತಂದ, ಒಳಗಿಟ್ಟ, ಮತ್ತೆ ತಂದ, ಮತ್ತೆ ಇಟ್ಟ. ವಿಲನ್ ನಾಲ್ಕನೇ ಸಲ ಬಿದ್ದಾಗ ಬೆವರು ಒರೆಸಿಕೊಳ್ಳುತ್ತ ಮೇಲೆ ನನ್ನ ಕೋಣೆಗೇ ಬಂದುಬಿಟ್ಟ.

“ಅಣ್ಣಾ, ಈ ಸಲ ಖರೇನೇ ಸತ್ತಾನೇನು, ಒಂದೀಟು ನೋಡಿ ಹೇಳು. ಇಲ್ಲಾಂದ್ರ ಅವನಕಿಂತ ಮೊದ್ಲ ನಾ ಸಾಯ್ತೀನಿ!”

ಮನೆಯಲ್ಲಿ ನನ್ನ ಪಾಂಡಿತ್ಯ

ಇಷ್ಟೆಲ್ಲ ತಿಳಿದವನು ಮನೆಯಲ್ಲಿ ಸುಮ್ಮನೆ ಕೂರುತ್ತಾನೆಯೇ? ಒಮ್ಮೆ ನನ್ನ ರಜೆಯ ದಿನ ಮಧ್ಯಾಹ್ನ ಹೆಂಡತಿ ಮತ್ತು ಪಕ್ಕದ ಮನೆಯ ಅಕ್ಕೋರು ಟೀವಿಯಲ್ಲಿ ಸಿನಿಮಾ ನೋಡುತ್ತಿದ್ದರು. ಹೀರೋನ ಗೆಳೆಯ ಬಹಳ ಒಳ್ಳೆಯವನು, ಎಲ್ಲರನ್ನೂ ನಗಿಸುವವನು. ಅವನು ಹೀರೋನ ಹೆಗಲ ಮೇಲೆ ಕೈಯಿಟ್ಟು, “ನಮ್ಮ ತಂಗಿ ಲಗ್ನಾ ಒಂದು ಆಗಿಬಿಟ್ರ ಸಾಕು” ಎಂದ.

ನಾನು ಚಹಾ ಕುಡಿಯುತ್ತ, “ಇವ ಇನ್ನ ಹತ್ತು ನಿಮಿಷದಾಗ ಸಾಯ್ತಾನ,” ಎಂದೆ.

ಅಕ್ಕೋರು ಎದೆ ಹಿಡಿದುಕೊಂಡರು. “ಅಯ್ಯ, ಬಿಡ್ತು ಅನ್ರಿ ಅಣ್ಣೋರೆ! ಅಂಥಾ ಛಲೋ ಹುಡುಗ!”

“ಛಲೋ ಅದಾನ ಅದಕ್ಕ ಸಾಯ್ತಾನ. ಮುಕ್ಕಾಲು ಸಿನಿಮಾ ಆಗ್ಯದ. ಎರಡನೇ ಅಂಕ ಮುಗೀಬೇಕಂದ್ರ ಹೀರೋ ಎಲ್ಲಾ ಕಳಕೊಳ್ಳಬೇಕು. ನೌಕರಿ ಹೋಗ್ಯದ, ಹುಡುಗಿ ಸಿಟ್ಟಾಗ್ಯಾಳ, ಉಳದವ ಇವನೊಬ್ನೇ.”

ಗೆಳೆಯ ಸತ್ತ. ಒಂಬತ್ತು ನಿಮಿಷಕ್ಕೇ ಸತ್ತ. ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ನೋಡಿದ ನೋಟ, ಆ ಹುಡುಗನನ್ನು ನಾನೇ ಹೋಗಿ ಕೊಂದೆನೇನೋ ಎನ್ನುವ ಹಾಗಿತ್ತು. ಆಮೇಲೆ ಎರಡು ವಾರ ನಮ್ಮ ಮನೆಗೆ ಬರಲಿಲ್ಲ.

ಹೆಂಡತಿ ರಿಮೋಟು ಕೆಳಗಿಟ್ಟು ಹೇಳಿದಳು: “ನಿಮ್ಮ ಮಾತಿಗೂ ಮೂರು ಅಂಕ ಅವ ನೋಡ್ರಿ. ಒಂದನೇದ್ರಾಗ ಮಂದಿ ಬರ್ತಾರ, ಎರಡನೇದ್ರಾಗ ಅಳ್ತಾರ, ಮೂರನೇದ್ರಾಗ ಮನಿ ಖಾಲಿ.”

ಮೇಡಂ ಎಳೆದ ಗೆರೆ

ಕಲಬುರಗಿಯ ಒಂದು ಕಾಲೇಜಿನಲ್ಲಿ ಸಿನಿಮಾ ಪಾಠ ಮಾಡುವ ಮೇಡಂ ಒಬ್ಬರಿದ್ದಾರೆ. ಚಿತ್ರಕಥೆ ಬರೆಯುವುದು ಹೇಗೆ ಎಂದು ಎರಡು ದಿನದ ಶಿಬಿರ ಇಟ್ಟುಕೊಂಡಿದ್ದರು. ಟಾಕೀಸಿನ ಕೆಲಸಗಾರರೂ ಬರಲಿ ಎಂದು ನಮಗೂ ಹೇಳಿ ಕಳಿಸಿದರು. ನಾನು ಚಾಚಾರನ್ನು ಕರಕೊಂಡು ಹೋದೆ.

ಮೇಡಂ ಹಲಗೆಯ ಮೇಲೆ ಉದ್ದಕ್ಕೆ ಗೆರೆ ಎಳೆದು ಮೂರು ಭಾಗ ಮಾಡಿದರು. ಮೊದಲ ಕಾಲು ಭಾಗ ಒಂದನೇ ಅಂಕ, ನಡುವಿನ ಅರ್ಧ ಎರಡನೇ ಅಂಕ, ಕೊನೆಯ ಕಾಲು ಮೂರನೇ ಅಂಕ. “ಒಂದನೇ ಅಂಕದಾಗ ಒಂದು ಪ್ರಶ್ನೆ ಹುಟ್ತದ. ಎರಡನೇದ್ರಾಗ ಅದಕ್ಕ ಉತ್ತರ ಸಿಗೂದು ಕಠಿಣ ಆಗ್ತಾ ಹೋಗ್ತದ. ಮೂರನೇದ್ರಾಗ ಉತ್ತರ ಸಿಗ್ತದ,” ಎಂದರು. ವಿದ್ಯಾರ್ಥಿಗಳೆಲ್ಲ ಬರೆದುಕೊಂಡರು.

ಹಿಂದಿನ ಬೆಂಚಿನಿಂದ ಚಾಚಾ ಎದ್ದು ನಿಂತರು. “ಮೇಡಂ, ಗೆರಿ ಛಲೋ ಅದ. ಖರೇ ನಡಬರಕ ಒಂದು ಜಾಗಾ ಬಿಟ್ಟೀರಿ.”

“ಯಾವ್ದು ಚಾಚಾ?”

“ಎರಡನೇ ಅಂಕ ಒಂದಲ್ಲ, ಎರಡು. ಮೊದಲರ್ಧದಾಗ ಹೀರೋ ತಾನೇ ಹೋಗಿ ಹೊಡೀತಾನ, ಎರಡನೇ ಅರ್ಧದಾಗ ಹೊಡತಾ ತಿಂತಾನ. ನಡಬರಕ ಮಿರ್ಚಿ ಅದ. ಆ ಮಿರ್ಚಿ ತಿನ್ನೂ ಹೊತ್ತಿನಾಗ ಮಂದಿ ‘ಮುಂದ ಯಾನ್ ಆಗ್ತದ’ ಅಂತ ಮಾತಾಡ್ಲಿಲ್ಲಂದ್ರ ಆ ಸಿನಿಮಾ ಶುಕ್ರಾರ ಬಂದದ್ದು ಸೋಮಾರ ಹೋಗ್ತದ.”

ಮೇಡಂ ಸಿಟ್ಟಾಗಲಿಲ್ಲ. ಗೆರೆಯ ನಡುವೆ ಒಂದು ದೊಡ್ಡ ಚುಕ್ಕಿ ಇಟ್ಟರು. ಇಂಟರ್ವಲ್ ಇಲ್ಲದ ದೇಶಗಳಲ್ಲೂ ಬರೆಯುವವರು ನಡುವೆ ಹೀಗೇ ಒಂದು ತಿರುವು ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಎರಡನೇ ಅಂಕ ಜೋತುಬೀಳುತ್ತದೆ, ಚಾಚಾ ಹೇಳಿದ್ದು ನೂರಕ್ಕೆ ನೂರು ಸರಿ ಎಂದರು. ಚಾಚಾ ನನ್ನ ಕಡೆ ನೋಡಿ ಮೀಸೆ ತಿರುವಿದರು. ನನಗೂ ಎದೆ ಉಬ್ಬಿತು.

ಎರಡನೇ ದಿನ ಮೇಡಂ ಬೇರೆಯೇ ಪಾಠ ತೆಗೆದರು. ದೊಡ್ಡ ದೊಡ್ಡ ಪ್ರಶಸ್ತಿ ಪಡೆದ ಕೆಲವು ಸಿನಿಮಾಗಳು ಈ ಗೆರೆಯನ್ನು ಬೇಕೆಂದೇ ಮುರಿಯುತ್ತವಂತೆ. ಕೆಲವು ಹಿಂದುಮುಂದಾಗಿ ಹೇಳುತ್ತವೆ, ಕೆಲವಕ್ಕೆ ತಿರುವೇ ಇರುವುದಿಲ್ಲ, ಕೆಲವು ಪ್ರಶ್ನೆ ಕೇಳಿ ಉತ್ತರ ಕೊಡದೆ ಎದ್ದು ಹೋಗುತ್ತವೆ. “ಗೆರಿ ಗೊತ್ತಿದ್ದವರು ಮಾತ್ರ ಅದನ್ನ ಮುರೀಬಹುದು. ಗೊತ್ತಿಲ್ಲದವರು ಮುರದ್ರ ಅದು ಬರೇ ಕೆಟ್ಟ ಸಿನಿಮಾ,” ಎಂದರು. ಆಮೇಲೆ ನಿಟ್ಟುಸಿರುಬಿಟ್ಟು, “ಇಂಥಾವು ನಮ್ಮ ಕಡಿ ಮಂದಿಗೆ ತಿಳಿಯಂಗಿಲ್ಲ ಅಂತ ಯಾರೂ ಹಾಕೂದೇ ಇಲ್ಲ,” ಎಂದು ಸೇರಿಸಿದರು.

ನನಗೆ ರೇಗಿತು. “ನಮ್ಮ ಮಂದಿಗೆ ಎಲ್ಲಾ ತಿಳೀತದ್ರಿ. ತಂದು ಕೊಡ್ರಿ, ಕಮಲಾಪುರದಾಗ ನಾ ಹಾಕ್ತೀನಿ!” ಎಂದುಬಿಟ್ಟೆ.

ಟಾಕೀಸು ನನ್ನ ಅಪ್ಪನದಲ್ಲ ಎಂಬುದು ವಾಪಸ್ ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಸಾವ್ಕಾರರ ಕರಾರು

ಟಾಕೀಸಿನ ಮಾಲಕರನ್ನು ನಾವೆಲ್ಲ ಸಾವ್ಕಾರ್ರು ಎನ್ನುತ್ತೇವೆ. ತೊಗರಿ ವ್ಯಾಪಾರದವರು, ಹಿರಿಯರು, ಮಾತಿಗೆ ತಪ್ಪುವವರಲ್ಲ. ಆದರೆ ಟಾಕೀಸು ಮುಚ್ಚಿ ಲಗ್ನದ ಹಾಲ್ ಮಾಡಬೇಕೆಂದು ಆಗಲೇ ಅವರ ತಲೆಯಲ್ಲಿ ಕೂತಿತ್ತು. ನಾನು ಹೋಗಿ ಭಾನುವಾರ ಬೆಳಗಿನ ಆಟ ಕೇಳಿದೆ.

“ಮೂರು ಐತವಾರ ಕೊಡ್ತೀನಿ,” ಎಂದರು ಸಾವ್ಕಾರ್ರು. “ನಿಮ್ಮ ಅವಾರ್ಡ್ ಸಿನಿಮಾ ಹಾಕ್ರಿ. ಮೂರ್ರಾಗ ಒಂದಕ್ಕಾದ್ರೂ ಮಂದಿ ಕಡೀತನಕಾ ಕುಂತ್ರ ಟಾಕೀಸು ಇರ್ತದ. ನಡುವ ಎದ್ದು ಹೋದ್ರ, ಮೂರನೇ ಐತವಾರ ನಾನೇ ಬಂದು ಕೀಲಿ ಹಾಕ್ತೀನಿ. ಆಮ್ಯಾಲ ಅಳಬ್ಯಾಡ.”

ನಾನು ಧೈರ್ಯವಾಗಿ ಆಗಲಿ ಎಂದೆ. ಮೆಟ್ಟಿಲಿಳಿಯುವಾಗ ಯೋಚನೆ ಹತ್ತಿತು. ಆ ಕಿಟಕಿ ಹೋದರೆ ನಾನು ಯಾರು? ಲಗ್ನದ ಹಾಲಿನಲ್ಲಿ ಲೈಟು ಹಚ್ಚುವವನು.

ಚಾಚಾಗೆ ವಿಷಯ ಹೇಳಿದಾಗ ಅವರು ಸಮಾಧಾನ ಮಾಡಿದರು: “ಫಿಕರ್ ಮಾಡಬ್ಯಾಡ ಭಾಯಿ. ಒಂದನೇ ಅಂಕ ಮುಗೀತು. ನೀ ವಾಪಸ್ ಹೋಗಾಕ ಬರ್ದಂಥಾ ಮಾತು ಆಡಿಬಂದಿ. ನಾ ಹಿಟ್ಟು ಕಲಸ್ತೀನಿ.”

ಒಂದನೇ ಭಾನುವಾರ: ತಿರುವು ಬರಲೇ ಇಲ್ಲ

ಮೊದಲ ಸಿನಿಮಾದಲ್ಲಿ ಒಬ್ಬ ಮುದುಕ ಅಡುಗೆಭಟ್ಟ. ಬೆಳಿಗ್ಗೆ ಏಳುತ್ತಾನೆ, ಒಲೆ ಹಚ್ಚುತ್ತಾನೆ, ಅನ್ನ ಮಾಡುತ್ತಾನೆ, ಬಡಿಸುತ್ತಾನೆ, ಪಾತ್ರೆ ತೊಳೆಯುತ್ತಾನೆ. ಅವನಿಗೆ ವಿಲನ್ ಇಲ್ಲ, ಗುಟ್ಟಿಲ್ಲ, ನಿರ್ಧಾರವಿಲ್ಲ. ಒಂದು ದಿನ ಹಾಗೇ ಕಳೆಯುತ್ತದೆ. ಮೇಡಂ ಮೊದಲೇ ಹೇಳಿದ್ದರು, ಇಲ್ಲಿ ‘ಮುಂದೇನು’ ಎಂದು ಕೇಳುವಂತಿಲ್ಲ, ‘ಈಗೇನು’ ಎಂದು ನೋಡಬೇಕು ಎಂದು.

ಚಾಚಾ ಪರದೆಯ ಪಕ್ಕದ ಬಾಗಿಲಲ್ಲಿ ನಿಂತು ಹೀರೋ ಏನಾದರೂ ನಿರ್ಧಾರ ಮಾಡುತ್ತಾನೆಂದು ಕಾದರು. ಅವನು ಈರುಳ್ಳಿ ಹೆಚ್ಚಿದ. ಚಾಚಾ ಹಿಟ್ಟು ಕಲಸಲೋ ಬೇಡವೋ ಎಂದು ಹೊರಗೆ ಹೋದರು, ಒಳಗೆ ಬಂದರು. ಅವನು ಬೇಳೆ ಆರಿಸುತ್ತಿದ್ದ. ಕೊನೆಗೆ ಅಂದಾಜಿನ ಮೇಲೆ ಭಜಿ ಕರಿದಿಟ್ಟರು, ಅದು ಆರಿ ತಣ್ಣಗಾಯಿತು. ಬೇಳೆ ಕುದಿಯುವುದನ್ನು ಬಹಳ ಹೊತ್ತು ತೋರಿಸಿದ ಮೇಲೆ ಮಂದಿ ಒಬ್ಬೊಬ್ಬರೇ ಎದ್ದರು. ಕೊನೆಗೆ ಉಳಿದದ್ದು ಮೇಡಂ, ಅವರ ಇಬ್ಬರು ವಿದ್ಯಾರ್ಥಿನಿಯರು, ಮತ್ತು ಮಹಾಗಾಂವದಿಂದ ಟೆಂಪೋದಲ್ಲಿ ಪ್ರತಿ ಸಿನಿಮಾಕ್ಕೂ ಬರುವ ಒಬ್ಬಳು ಅಜ್ಜಿ, ನಮಗೆಲ್ಲ ಆಯಿ.

ನಾನು ಮುಖ ಸಣ್ಣದು ಮಾಡಿಕೊಂಡು ಆಯಿಯನ್ನು ಕೇಳಿದೆ. “ಮಂದಿಗಿ ಹಿಡಸಲಿಲ್ಲೇನು ಆಯಿ?”

“ಹಿಡಸ್ಯದ ತಮ್ಮಾ, ಯಾಕ ಹಿಡಸಂಗಿಲ್ಲ? ಅವ ಬ್ಯಾಳಿಗಿ ಒಗ್ಗರಣಿ ಹಾಕಿದ ಕೂಡ್ಲೇ ಎಲ್ಲಾರಿಗೂ ಹೊಟ್ಟಿ ಹಸೀತು. ಉಣ್ಣಾಕ ಮನಿಗಿ ಹೋಗ್ಯಾರ. ಅಂಥಾ ಸಿನಿಮಾ ಊಟ ಆದಮ್ಯಾಲ ಹಾಕಬೇಕಪ್ಪಾ!”

ಎರಡನೇ ಭಾನುವಾರ: ನಾನು ಸರಿಪಡಿಸಿದ್ದು

ಇದನ್ನು ಹೇಳಲು ನನಗೆ ಈಗಲೂ ನಾಚಿಕೆ. ಆದರೆ ತಪ್ಪು ನನ್ನದೇ.

ಎರಡನೇ ಸಿನಿಮಾ ಐದು ತುಂಡಾಗಿ ಬಂದಿತ್ತು, ಐದು ಬೇರೆ ಬೇರೆ ಫೈಲು. ಜೊತೆಗೆ ಒಂದು ಚೀಟಿ, ಅದರ ಮೇಲೆ ಹೀಗೆ ಹಾಕಿರಿ ಎಂದು ಬರೆದಿತ್ತು: ಐದು, ನಾಲ್ಕು, ಮೂರು, ಎರಡು, ಒಂದು. ನಾನು ರೀಲಿನ ಕಾಲದವನು. ಒಂದು ರೀಲು ಆಚೀಚೆಯಾದರೆ ಮಂದಿ ಕುರ್ಚಿ ಮುರಿಯುತ್ತಿದ್ದ ಕಾಲ ಅದು. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ರೀಲೂ ಹಿಂದುಮುಂದಾಗಿಲ್ಲ, ಅದು ನನ್ನ ಹೆಮ್ಮೆ. ಚೀಟಿ ನೋಡಿ ‘ಯಾರೋ ಎಣಿಸಲು ಬರದವರು ಬರೆದಿದ್ದಾರೆ’ ಎಂದುಕೊಂಡು ಅದನ್ನು ಹರಿದು ಹಾಕಿದೆ. ಒಂದರಿಂದ ಐದರವರೆಗೆ ನೆಟ್ಟಗೆ ಜೋಡಿಸಿದೆ.

ಇಬ್ಬರು ಅಣ್ಣತಮ್ಮಂದಿರ ಕಥೆ. ಮೊದಲು ಹುಡುಗರಿಬ್ಬರು ಒಂದೇ ರೊಟ್ಟಿ ಹಂಚಿಕೊಂಡು ಅಂಗಳದಲ್ಲಿ ತಿಂದರು. ಆಮೇಲೆ ದೊಡ್ಡವರಾದರು, ಸಂಶಯ ಬಂತು, ಜಗಳವಾಯಿತು, ಅಂಗಳದ ನಡುವೆ ಗೋಡೆ ಎದ್ದಿತು. ಇಷ್ಟಾಗುವುದರೊಳಗೆ ಅರ್ಧ ಟಾಕೀಸು ಖಾಲಿ. “ಇದು ನಮ್ಮ ಓಣ್ಯಾಗ ದಿನಾ ನಡೀತದ, ಇದಕ್ಕ ಟಾಕೀಸಿಗ್ಯಾಕ ಬರಬೇಕು?” ಎಂದು ಹೇಳುತ್ತ ಎದ್ದುಹೋದರು.

ಮೇಡಂ ಏದುಸಿರುಬಿಡುತ್ತ ಮೆಟ್ಟಿಲು ಹತ್ತಿ ಬಂದರು. “ಏನ್ ಮಾಡೀರಿ ಇದನ್ನ?”

“ನಂಬರ ತಪ್ಪಿದ್ವು ಮೇಡಂ, ನಾ ಸರಿ ಮಾಡೀನಿ,” ಎಂದೆ, ಬೆನ್ನು ತಟ್ಟುತ್ತಾರೆಂದು ಕಾಯುತ್ತ.

ಮೇಡಂ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಆ ಸಿನಿಮಾ ಶುರುವಾಗಬೇಕಾದದ್ದು ಗೋಡೆಯಿಂದ. ಗೋಡೆಯ ಆಚೆ ಈಚೆ ಇಬ್ಬರು ಮುದುಕರು, ಮಾತಿಲ್ಲ. ಆಮೇಲೆ ಕಥೆ ಹಿಂದೆ ಹಿಂದೆ ಹೋಗಬೇಕು. ಕೊನೆ ಮೊದಲೇ ಗೊತ್ತಾದ್ದರಿಂದ ನೋಡುವವರು ‘ಏನಾಗುತ್ತದೆ’ ಎಂದು ಕೇಳುವುದಿಲ್ಲ, ‘ಯಾಕಾಯಿತು’ ಎಂದು ಕೇಳುತ್ತಾರೆ. ಎಲ್ಲಕ್ಕಿಂತ ಕೊನೆಗೆ ಆ ಹುಡುಗರು ರೊಟ್ಟಿ ಹಂಚಿಕೊಳ್ಳುವುದು ಬರುತ್ತದೆ. ಮುಂದೇನಾಗಲಿದೆ ಎಂದು ನಮಗೆ ಗೊತ್ತು, ಆ ಮಕ್ಕಳಿಗೆ ಗೊತ್ತಿಲ್ಲ. ಅದೇ ರೊಟ್ಟಿ, ಮೊದಲಿಗೆ ತೋರಿಸಿದರೆ ಬರೀ ರೊಟ್ಟಿ, ಕೊನೆಗೆ ತೋರಿಸಿದರೆ ಗಂಟಲಲ್ಲಿ ಇಳಿಯುವುದಿಲ್ಲ.

ಮೇಡಂ ಹೇಳಿ ಮುಗಿಸುವಷ್ಟರಲ್ಲಿ ನಾನು ಹರಿದ ಚೀಟಿಯ ಚೂರುಗಳನ್ನು ನೆಲದಿಂದ ಆರಿಸುತ್ತಿದ್ದೆ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಚಾಚಾ ನಿಧಾನಕ್ಕೆ ತಲೆಯಾಡಿಸಿದರು.

“ಅವ್ರು ಹಿಂದ್ ಮುಂದ್ ಮಾಡಿ ಅವಾರ್ಡ್ ತಗೊಂಡ್ರು. ನೀ ನೆಟ್ಟಗ ಮಾಡಿ ವಾಪಸ್ ಕಸ್ಕೊಂಡಿ ಭಾಯಿ!”

ಮೂರನೇ ಭಾನುವಾರ: ಚಿಲಕ

ಉಳಿದದ್ದು ಒಂದೇ ಭಾನುವಾರ. ಆಟ ಮುಗಿಯುವ ಹೊತ್ತಿಗೆ ಬರುತ್ತೇನೆಂದು ಸಾವ್ಕಾರ್ರು ಹೇಳಿ ಕಳಿಸಿದ್ದರು, ಬರುವಾಗ ದೊಡ್ಡ ಬೀಗ ತರುವುದಾಗಿಯೂ ಹೇಳಿದ್ದರು. ನಾನು ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಿದ್ದೆ. ಮಹಾಗಾಂವದಲ್ಲಿ ಬಸ್ಸು ನಿಂತಾಗ ಆಯಿ ಕೆಳಗೆ ಟೆಂಪೋ ಕಾಯುತ್ತಿದ್ದಳು. ನನ್ನನ್ನು ನೋಡಿ ಕೂಗಿದಳು: “ತಮ್ಮಾ, ಇವತ್ತು ನಾ ಉಂಡೇ ಬಂದೀನಿ! ಓಣಿ ಮಂದಿನೂ ಉಣಿಸಿ ಕರಕೊಂಡು ಬಂದೀನಿ!”

ಹಿಂದೆ ನೋಡಿದರೆ ಎರಡು ಟೆಂಪೋ ತುಂಬುವಷ್ಟು ಮಂದಿ. ಕಮಲಾಪುರದವರೂ ಬಂದಿದ್ದರು. ಟಾಕೀಸು ಮುಚ್ಚುವ ಮಾತು ಊರಲ್ಲಿ ಹಬ್ಬಿತ್ತು. ಯಾರೋ ಒಬ್ಬರು ನನ್ನ ಕೋಣೆಗೆ ಒಂದು ಚಿಪ್ಪು ಕೆಂಪು ಬಾಳೆಹಣ್ಣೂ ಕಳಿಸಿದ್ದರು.

ಸಿನಿಮಾವನ್ನು ಮೊದಲೇ ನೋಡಬೇಡ, ಚೀಟಿ ಓದಬೇಡ, ಯಾವುದನ್ನೂ ಸರಿಪಡಿಸಬೇಡ ಎಂದು ಮೇಡಂ ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಒಂದೇ ಫೈಲು ಇತ್ತು. ಒತ್ತಿದೆ.

ಒಬ್ಬ ಹೆಣ್ಣುಮಗಳು ಎಮ್ಮೆ ಕಟ್ಟಿಕೊಂಡು ಒಬ್ಬಳೇ ಬಾಳುತ್ತಾಳೆ. ಗಂಡ ಬಿಟ್ಟುಹೋಗಿ ಹನ್ನೆರಡು ವರ್ಷ. ಒಂದು ದಿನ ಸುದ್ದಿ ಬರುತ್ತದೆ, ಅಮಾಸೆಯ ದಿನ ಗಂಡ ವಾಪಸ್ ಬರುತ್ತಾನೆ ಎಂದು. ಅವಳು ಊರ ಮುಂದೆ ನಿಂತು, “ಬಂದ್ರೂ ನಾ ಬಾಗಲಾ ತೆಗಿಯಂಗಿಲ್ಲ,” ಎನ್ನುತ್ತಾಳೆ. ಆ ಕಡೆ ಚಾಚಾ ಹಿಟ್ಟಿನ ಬುಟ್ಟಿಗೆ ಕೈ ಹಾಕಿದ್ದು ನನಗೆ ಕಿಟಕಿಯಿಂದ ಕಂಡಿತು. ನಿರ್ಧಾರ ಬಂತಲ್ಲ! ಆಮೇಲೆ ಅವಳ ಅತ್ತೆ ಬಂದು ಅಳುತ್ತಾಳೆ, ಊರವರು ಬುದ್ಧಿ ಹೇಳುತ್ತಾರೆ. ಅವಳು ಯಾರಿಗೂ ಉತ್ತರ ಕೊಡದೆ ಮನೆ ಸಾರಿಸುತ್ತಾಳೆ, ಬಾಗಿಲಿಗೆ ಬಣ್ಣ ಹಚ್ಚುತ್ತಾಳೆ, ತುಕ್ಕು ಹಿಡಿದ ಚಿಲಕಕ್ಕೆ ಎಣ್ಣೆ ಬಿಡುತ್ತಾಳೆ. ಅಮಾಸೆ ಬರುತ್ತದೆ. ಒಲೆಯ ಮೇಲೆ ಅನ್ನ. ಒಂದೇ ತಾಟು. ಹೊರಗೆ ಹೆಜ್ಜೆ ಸದ್ದು. ಯಾರೋ ಬಾಗಿಲು ಬಡಿಯುತ್ತಾರೆ. ಅವಳು ಎದ್ದು ಬಂದು ಚಿಲಕದ ಮೇಲೆ ಕೈ ಇಡುತ್ತಾಳೆ. ಪರದೆ ಕಪ್ಪಾಗುತ್ತದೆ.

ಇಷ್ಟು ವರ್ಷದ ಅಭ್ಯಾಸ ನನ್ನ ಕೈಯಲ್ಲಿ ಕೂತಿತ್ತು. ಬಾಗಿಲು ಬಡಿದು, ಚಿಲಕಕ್ಕೆ ಕೈ ಹೋಗಿ, ಪರದೆ ಕಪ್ಪಾಯಿತೆಂದರೆ ಅದು ಇಂಟರ್ವಲ್ ಅಲ್ಲದೆ ಮತ್ತೇನು? ನಾನು ಸಿನಿಮಾ ನಿಲ್ಲಿಸಿ, ಲೈಟು ಹಾಕಿ, ಗಂಟೆ ಬಾರಿಸಿದೆ. ಅದೇ ಗಳಿಗೆಗೆ ಕೆಳಗಿನಿಂದ ಚಾಚಾರ ಕೂಗು: “ಗರಂ ಗರಂ ಮಿರ್ಚೀ...!” ಅವರಿಗೂ ಹಾಗೇ ಅನಿಸಿತ್ತು.

ಮಂದಿ ಹೊರಗೆ ನುಗ್ಗಿದರು. ಅಂಥ ಇಂಟರ್ವಲ್ ನಾನು ಕಂಡಿಲ್ಲ. ಭಜಿ ಒಂದು ಕೈಯಲ್ಲಿ, ಮಾತು ಇನ್ನೊಂದು ಕೈಯಲ್ಲಿ. ಬೈಕ್ ಸ್ಟ್ಯಾಂಡಿನವನೂ ಗೇಟು ಬಿಟ್ಟು ಬಂದು, ಅವಳು ಬಾಗಿಲು ತೆಗೆಯುತ್ತಾಳೋ ಇಲ್ಲವೋ ಎಂಬ ಜಗಳಕ್ಕೆ ನಿಂತಿದ್ದ. ಅಷ್ಟರಲ್ಲಿ ಮೇಡಂ ಮೆಟ್ಟಿಲು ಹತ್ತಿ ಓಡಿ ಬಂದರು.

“ಗಂಟಿ ಯಾಕ ಬಾರಿಸಿದ್ರಿ?”

“ಇಂಟರ್ವಲ್ ಅಲ್ರಿ ಮೇಡಂ?”

“ಇಂಟರ್ವಲ್ ಅಲ್ರೀ, ಸಿನಿಮಾ ಮುಗದದ! ಅದೇ ಕಡೀ ಶಾಟ್! ಒಂದನೇ ಅಂಕದಾಗ ಪ್ರಶ್ನೆ, ಎರಡನೇದ್ರಾಗ ಬಿಗಿ ಮಾಡ್ಯಾರ, ಮೂರನೇ ಅಂಕ ಬೇಕಂತಲೇ ತೆಗದಾರ. ಇನ್ನ ಉಳದಿದ್ದು ಬರೇ ಹೆಸರು!”

ನನ್ನ ಕೈಯಲ್ಲಿದ್ದ ಬಾಳೆಹಣ್ಣು ಕೆಳಗೆ ಬಿತ್ತು. ಕಿಟಕಿಯಿಂದ ನೋಡಿದೆ. ಮಂದಿ ಒಳಗೆ ಬಂದು ಕೂರುತ್ತಿದ್ದರು. ಒಂದು ಕುರ್ಚಿ ಖಾಲಿಯಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲೆ. ಲೈಟು ಆರಿಸು ಎಂದು ಒಬ್ಬ ಸಿಳ್ಳೆ ಹೊಡೆದ. ನನ್ನ ಬಳಿ ತೋರಿಸಲು ಏನೂ ಇರಲಿಲ್ಲ.

ಆರಿಸಿದೆ. ಗುಂಡಿ ಒತ್ತಿದೆ. ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರತೊಡಗಿದವು. ‘ಎರಡನೇ ಅರ್ಧಕ್ಕೆ ಮತ್ತೆ ಟೈಟಲ್ಲು, ಹೊಸ ಪದ್ಧತಿ ಇರಬೇಕು’ ಎಂದು ಮಂದಿ ತಾಳ್ಮೆಯಿಂದ ಓದಿದರು. ಹೆಸರು ಮುಗಿದವು. ಪರದೆ ಬಿಳಿಯಾಯಿತು. ಯಾರೂ ಏಳಲಿಲ್ಲ.

ನಾನು ಲೈಟು ಹಾಕಿ, ಕೆಳಗಿಳಿದು, ಪರದೆಯ ಮುಂದೆ ನಿಂತು ಕೈ ಮುಗಿದೆ. “ತಪ್ಪಾಯ್ತ್ರಿ. ಗಂಟಿ ನಾ ಸುಮ್ಮನೆ ಬಾರಿಸೀನಿ. ಸಿನಿಮಾ ಆಗಲೇ ಮುಗದದ. ಆಕಿ ಬಾಗಲಾ ತೆಗದ್ಳೋ ಇಲ್ಲೋ ಅಂತ ಅವ್ರು ತೋರಿಸಂಗಿಲ್ಲ.”

ಕುರ್ಚಿ ಮುರಿಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಆಯಿಯ ಧ್ವನಿ ಕೇಳಿತು.

“ಅವ್ರು ತೋರಿಸದಿದ್ರ ಬಿಡ್ಲಿ, ಅವ್ರದು ಮುಗದದ. ನಮ್ದು ಮುಗದಿಲ್ಲ! ಆಕಿ ತೆಗೀತಾಳ. ತೆಗಿಯಾಕಿ ಅಲ್ಲಂದ್ರ ಚಿಲಕಕ್ಕ ಎಣ್ಣಿ ಯಾಕ ಬಿಡ್ತಿದ್ಳು?”

“ಎಣ್ಣಿ ಬಿಟ್ಟಿದ್ದು ಗಟ್ಟಿ ಹಾಕ್ಕೊಳ್ಳಾಕ, ಆಯಿ!” ಎಂದು ಒಬ್ಬ ಬಾಳೆತೋಟದವನು ಎದ್ದ. “ತಾಟು ಒಂದೇ ಇತ್ತು, ನೋಡಿಲ್ಲೇನು?”

“ಗಂಡಗ ಮೊದ್ಲ ಬಡಸಿ ಆಮ್ಯಾಲ ತಾ ಉಣ್ಣಾಕಿ, ಅದಕ್ಕ ಒಂದೇ!”

“ಅಲ್ಲೇ ತಪ್ಪಿದ್ರಿ,” ಎಂದಳು ಹಿಂದಿನ ಸಾಲಿನ ಒಬ್ಬ ಹೆಂಗಸು. “ಬಾಗಲಾ ತೆಗೀತಾಳ, ಖರೇ ಒಳಗ ಕರಿಯಂಗಿಲ್ಲ. ಹನ್ನೆರಡು ವರ್ಷದ ಮಾತು ಹೊಸ್ತಿಲದಾಗ ನಿಂತು ಆಡ್ತಾಳ. ಬಣ್ಣಾ ಹಚ್ಚಿದ್ದು ಬಾಗಲದ ಹೊರಗಿನ ಮಗ್ಗಲಿಗೆ. ಒಳಗಿನ ಮಗ್ಗಲಿಗೆ ಹಚ್ಚಿಲ್ಲ.”

ಮೇಡಂ ನನ್ನ ತೋಳು ಹಿಡಿದುಕೊಂಡರು. “ನಾ ಈ ಸಿನಿಮಾ ಆರು ಸಲ ನೋಡೀನಿ, ಆ ಬಣ್ಣದ ಮಗ್ಗಲಾ ನನ್ನ ಕಣ್ಣಿಗೇ ಬಿದ್ದಿಲ್ಲ,” ಎಂದು ಪಿಸುಗುಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು. ಮುಚ್ಚಿಡುವುದೇನು, ಅಷ್ಟು ಹೆಮ್ಮೆ ನನಗೆ ನನ್ನ ಲಗ್ನದ ದಿನವೂ ಆಗಿರಲಿಲ್ಲ. ತಿಳಿಯುವುದಿಲ್ಲ ಎಂದಿದ್ದರಲ್ಲ ನಮ್ಮ ಮಂದಿಗೆ, ಮೂರನೇ ಅಂಕವನ್ನು ಅವರೇ ಕೂತು ಕಟ್ಟುತ್ತಿದ್ದರು.

ಸಾವ್ಕಾರ್ರು ಬಂದದ್ದು ಆಗ. ಆಟ ಮುಗಿದು ಮುಕ್ಕಾಲು ತಾಸು ಆಗಿತ್ತು. ಕೈಯಲ್ಲಿ ತೆಂಗಿನಕಾಯಿ ಗಾತ್ರದ ಬೀಗ. ಒಳಗೆ ಇಣುಕಿದರೆ ಲೈಟು ಉರಿಯುತ್ತಿದೆ, ಪರದೆ ಖಾಲಿ, ಟಾಕೀಸು ಭರ್ತಿ.

“ಇವ್ರು ಏನ್ ನೋಡಾಕತ್ತಾರೋ?” ಎಂದರು.

“ಉಳಿದರ್ಧ ಸಿನಿಮಾ ನೋಡಾಕತ್ತಾರ್ರಿ,” ಎಂದರು ಚಾಚಾ, ಒಂದು ತಾಟಿನಲ್ಲಿ ಎರಡು ಬಿಸಿ ಮಿರ್ಚಿ ಅವರ ಕೈಗಿಡುತ್ತ.

ನಾನು ಕಥೆಯನ್ನು ಕಿವಿಯಲ್ಲಿ ಹೇಳಿದೆ. ಸಾವ್ಕಾರ್ರು ಮಿರ್ಚಿ ಕಚ್ಚಿ ನಿಂತಲ್ಲೇ ಕೇಳಿದರು. ಬಾಗಿಲು ಬಡಿಯುವಲ್ಲಿಗೆ ಬಂದಾಗ ಅಗಿಯುವುದು ನಿಂತಿತು. ಎಣ್ಣೆ, ತಾಟು, ಬಣ್ಣ ಎಲ್ಲಾ ಕೇಳಿ, ಬೀಗವನ್ನು ಕುರ್ಚಿಯ ಕೆಳಗಿಟ್ಟು ಕೂತರು. ಸ್ವಲ್ಪ ಹೊತ್ತಿಗೆ ಎದ್ದು ನಿಂತು ತಾವೂ ಕೂಗಿದರು: “ಎಮ್ಮಿ ಒದರಿಲ್ಲೇನ್ರೋ? ಗುರ್ತಿನ ಮನಶಾ ಬಂದ್ರ ಎಮ್ಮಿ ಒದರ್ತದ!” ಎಮ್ಮೆ ಕೂಗಿತ್ತೋ ಇಲ್ಲವೋ ಎಂಬುದರ ಮೇಲೆ ಮತ್ತೆ ಅರ್ಧ ತಾಸು ಹೋಯಿತು.

ಮಂದಿ ಚದುರಿದ ಮೇಲೆ ನಾನು ಹೋಗಿ ಅವರ ಮುಂದೆ ನಿಂತೆ. ಬೀಗ ಅವರ ಕೈಯಲ್ಲಿತ್ತು.

“ಕರಾರು ಏನಿತ್ತು?” ಎಂದರು.

“ಮಂದಿ ಕಡೀತನಕಾ ಕೂಡಬೇಕು ಅಂತ ಇತ್ರಿ.”

“ಕಡಿ ಎಲ್ಲಿ ಬಂತೋ?” ಎಂದು ಸಾವ್ಕಾರ್ರು ಬೀಗವನ್ನು ನನ್ನ ಕೈಗೆ ಕೊಟ್ಟರು. “ನಾ ಕೀಲಿ ಹಾಕಾಕಂತಲೇ ಬಂದೀನಿ. ಖರೇ ಆ ಹೆಣ್ಮಗಳು ಚಿಲಕಾ ತೆಗಿಯೂತನಕಾ ನಾ ಹೆಂಗ ಕೀಲಿ ಹಾಕ್ಲಿ ಹೇಳು?”